ದವಡೆ ಮಾದರಿ ಕಲಿಸುವ ಹಲ್ಲುಜ್ಜುವ ಪಾಠ

ಶಾಲೆಗೆ ಬರುವ ದಂತವೈದ್ಯೆಯ ಕೈಯಲ್ಲಿ ಪ್ಲಾಸ್ಟಿಕ್ ದವಡೆ ಮಾದರಿ, ಒಂದು ಬ್ರಷ್. ಹುಳುಕು ಹಲ್ಲಿನ ಚಿತ್ರವಿಲ್ಲ, ಹೆದರಿಸುವ ಮಾತೂ ಇಲ್ಲ.

"ಮಕ್ಕಳೇ, ಹಲ್ಲು ಮತ್ತು ಒಸಡು ಸೇರುವ ಗೆರೆ ನೋಡಿ. ಶುರು ಮಾಡೋದು ಇಲ್ಲಿಂದಲೇ" ಎನ್ನುತ್ತಾರೆ. ಊಟದ ನಂತರ ಮೆತ್ತನೆಯ ಪದರ ಹೆಚ್ಚಾಗಿ ಉಳಿಯುವುದು ಆ ಗೆರೆಯಲ್ಲೇ. ಬ್ರಷ್ಷನ್ನು 45 ಡಿಗ್ರಿ ಓರೆಯಾಗಿ ಅಲ್ಲಿಟ್ಟು, ಎರಡು-ಮೂರು ಹಲ್ಲುಗಳ ಮೇಲೆ ಹಗುರವಾಗಿ, ಚಿಕ್ಕದಾಗಿ ಹಿಂದೆ ಮುಂದೆ ಆಡಿಸುತ್ತಾರೆ. ಬಳಿಕ ಕಚ್ಚುವ ಅಂಚಿನತ್ತ ಹೊರಳಿಸಿ, ಮುಂದಿನ ಹಲ್ಲಿಗೆ ಸರಿಯುತ್ತಾರೆ. ಅಮೆರಿಕದ ವೈದ್ಯ ಚಾರ್ಲ್ಸ್ ಬಾಸ್ ಹೆಸರಿನ ವಿಧಾನದ ಸುಧಾರಿತ ರೂಪವಿದು.

ಮುಂಬದಿಯ ಹಲ್ಲುಗಳ ಒಳಮೈಗೆ ಬ್ರಷ್ ನೆಟ್ಟಗೆ ನಿಲ್ಲಬೇಕು.

ಮಾದರಿಗೊಂದು ಮಿತಿಯಿದೆ: ಅದಕ್ಕೆ ಕೆನ್ನೆಯಿಲ್ಲ. ನಿಜವಾದ ಬಾಯಿ ಪೂರ್ತಿ ತೆರೆದರೆ ಕೆನ್ನೆ ಬಿಗಿದು, ಮೇಲಿನ ಕೊನೆಯ ದವಡೆಹಲ್ಲಿನ ಹೊರಮೈಗೆ ಬ್ರಷ್ ತಲುಪದು. "ಬಾಯಿ ಅರ್ಧ ಮುಚ್ಚಿ, ಈಗ ನುಗ್ಗಿಸಿ" ಎಂದು ವೈದ್ಯೆ ಕನ್ನಡಿಯ ಮುಂದೆ ಪ್ರತಿ ಮಗುವಿನಿಂದಲೂ ಮಾಡಿಸುವುದು ಅದಕ್ಕೇ. ಪಾಠದ ಅತ್ಯುತ್ತಮ ಭಾಗವೂ ಅದೇ.

ಒತ್ತಡ ಹೆಚ್ಚಾಯಿತೆಂದು ಹೇಳುವುದು ಬ್ರಷ್ಷೇ. ಕೆಲವೇ ವಾರಗಳಲ್ಲಿ ಎಳೆಗಳು ಹೊರಕ್ಕೆ ಬಾಗುತ್ತವೆ. ಮನೆಯವರು ಇಂದೇ ಮಕ್ಕಳ ಬ್ರಷ್ ಎತ್ತಿ ನೋಡಲಿ. ಉಜ್ಜುವ ಹೊತ್ತು ಎರಡು ನಿಮಿಷ, ದಿನಕ್ಕೆ ಎರಡು ಸಲ.