ಎರಡೂ ನಿಜ, ಆದರೆ ನಂಟಿಲ್ಲ

ಸಿಬಿಎಸ್‌ಇ ಹತ್ತನೇ ತರಗತಿಯ ವಿಜ್ಞಾನ ಪತ್ರಿಕೆಯಲ್ಲಿ ‘ಅಸರ್ಷನ್–ರೀಸನ್’ ಎಂಬ ಒಂದು ಬಗೆಯ ಪ್ರಶ್ನೆ ಬರುತ್ತದೆ. ಮೊದಲು ಒಂದು ಹೇಳಿಕೆ, ಅದರ ಕೆಳಗೆ ಒಂದು ಕಾರಣ. ಎರಡೂ ಸರಿಯಿದ್ದು ಕಾರಣವು ಹೇಳಿಕೆಯನ್ನು ವಿವರಿಸಿದರೆ ಒಂದು ಆಯ್ಕೆ. ಎರಡೂ ಸರಿಯಿದ್ದೂ ವಿವರಿಸದಿದ್ದರೆ ಇನ್ನೊಂದು. ಎರಡರಲ್ಲಿ ಒಂದು ತಪ್ಪಾಗಿದ್ದರೆ ಉಳಿದ ಆಯ್ಕೆಗಳು. ಪಾಠ ಓದಿದ ಮಕ್ಕಳಿಗೆ ತಪ್ಪು ವಾಕ್ಯವನ್ನು ಹಿಡಿಯುವುದು ಕಷ್ಟವಲ್ಲ. ಚೆನ್ನಾಗಿ ಓದಿದವರೂ ಎಡವುವುದು ಎರಡನೇ ಆಯ್ಕೆಯಲ್ಲೇ.

‘ಸೋಡಿಯಂ ಅನ್ನು ಸೀಮೆಎಣ್ಣೆಯಲ್ಲಿ ಮುಳುಗಿಸಿಡುತ್ತಾರೆ, ಕಾರಣ, ಅದನ್ನು ಚಾಕುವಿನಿಂದ ಕತ್ತರಿಸಬಹುದು’ ಎಂದರೆ ಯಾರೂ ಮೋಸ ಹೋಗುವುದಿಲ್ಲ. ಮೆತ್ತಗಿರುವುದಕ್ಕೂ ಸೀಮೆಎಣ್ಣೆಗೂ ಸಂಬಂಧವಿಲ್ಲವೆಂದು ತಕ್ಷಣ ಹೊಳೆಯುತ್ತದೆ. ಆದರೆ ಇದನ್ನು ನೋಡಿ.

ಹೇಳಿಕೆ: ಅಪಧಮನಿಗಳ ಗೋಡೆ ಅಭಿಧಮನಿಗಳ ಗೋಡೆಗಿಂತ ದಪ್ಪ.
ಕಾರಣ: ಶ್ವಾಸಕೋಶಕ್ಕೆ ಹೋಗುವುದನ್ನು ಬಿಟ್ಟು ದೇಹದ ಉಳಿದ ಅಪಧಮನಿಗಳು ಆಕ್ಸಿಜನ್ ತುಂಬಿದ ರಕ್ತವನ್ನು ಒಯ್ಯುತ್ತವೆ.

ಎರಡೂ ನಿಜ. ನಡುವೆ ‘ಏಕೆಂದರೆ’ ಸೇರಿಸಿ ಓದಿದರೆ ಕಿವಿಗೆ ಸರಾಗವಾಗಿಯೇ ಕೇಳುತ್ತದೆ. ಟ್ಯೂಷನ್‌ಗಳಲ್ಲಿ ಹೇಳಿಕೊಡುವ ‘ಏಕೆಂದರೆ ಹಾಕಿ ನೋಡು’ ಎಂಬ ಉಪಾಯ ಇಲ್ಲಿ ಕೈಕೊಡುತ್ತದೆ. ಈ ಎರಡು ಸಂಗತಿಗಳನ್ನು ಮಕ್ಕಳು ಕಲಿಯುವುದು ವ್ಯತ್ಯಾಸದ ಕೋಷ್ಟಕದಿಂದ. ಅಪಧಮನಿಯ ಕೆಳಗೆ ದಪ್ಪ ಗೋಡೆ, ಆಕ್ಸಿಜನ್‌ಯುಕ್ತ ರಕ್ತ. ಅಭಿಧಮನಿಯ ಕೆಳಗೆ ತೆಳು ಗೋಡೆ, ಕವಾಟ. ಒಂದೇ ಕಂಬಸಾಲಿನಲ್ಲಿ ಓದಿ ಓದಿ, ಒಡಹುಟ್ಟಿದವರಂತಿರುವ ಎರಡು ಗುಣಗಳಲ್ಲಿ ಒಂದು ಇನ್ನೊಂದನ್ನು ಹೆತ್ತಿದೆ ಎಂದೇ ಮನಸ್ಸು ನಂಬಿಬಿಡುತ್ತದೆ.

ಇದನ್ನು ಪರೀಕ್ಷಿಸಲು ಎರಡು ಗುಣಗಳು ಬೇರೆ ಬೇರೆಯಾಗಿ ಸಿಗುವ ಜಾಗ ಹುಡುಕಬೇಕು. ದೇಹದಲ್ಲೇ ಅಂಥ ಜಾಗವಿದೆ, ಅದೂ ಪ್ರಶ್ನೆಯೇ ಹೊರಗಿಟ್ಟ ಶ್ವಾಸಕೋಶದ ನಾಳಗಳಲ್ಲಿ. ಶ್ವಾಸಕೋಶದ ಅಭಿಧಮನಿಯಲ್ಲಿ ಹರಿಯುವುದು ಆಗಷ್ಟೇ ಆಕ್ಸಿಜನ್ ತುಂಬಿಕೊಂಡ ರಕ್ತ. ಆದರೂ ಅದರ ಗೋಡೆ ತೆಳು. ಶ್ವಾಸಕೋಶದ ಅಪಧಮನಿಯಲ್ಲಿ ಆಕ್ಸಿಜನ್ ಕಡಿಮೆ, ಆದರೂ ಅದರ ಗೋಡೆ ಆ ಅಭಿಧಮನಿಗಿಂತ ದಪ್ಪ. ಅಂದರೆ ದಪ್ಪವನ್ನು ನಿರ್ಧರಿಸುತ್ತಿರುವುದು ಆಕ್ಸಿಜನ್ ಅಲ್ಲ.

ಮತ್ತೇನು? ಒತ್ತಡ. ಹೃದಯದ ಎಡ ಹೃತ್ಕುಕ್ಷಿ ಇಡೀ ದೇಹಕ್ಕೆ ರಕ್ತ ತಳ್ಳಬೇಕು. ನಾವು ಬಿಪಿ ಎಂದು ಅಳೆಯುವ 120/80 ಅಲ್ಲಿಯದು. ಬಲ ಹೃತ್ಕುಕ್ಷಿಯಿಂದ ಶ್ವಾಸಕೋಶಕ್ಕೆ ದಾರಿ ಹತ್ತಿರ, ನಾಳಗಳ ತಡೆಯೂ ಕಡಿಮೆ. ಅಲ್ಲಿನ ಒತ್ತಡ ಸುಮಾರು 25/10 ಅಷ್ಟೆ. ಅದಕ್ಕೇ ಶ್ವಾಸಕೋಶದ ಅಪಧಮನಿಯ ಗೋಡೆ ಮಹಾಪಧಮನಿಗಿಂತ ಎಷ್ಟೋ ತೆಳು.

ಇದಕ್ಕಿಂತ ಗಟ್ಟಿ ಸಾಕ್ಷಿ ಗರ್ಭದಲ್ಲಿರುವ ಮಗುವಿನದು. ಅದಿನ್ನೂ ಉಸಿರಾಡುತ್ತಿರುವುದಿಲ್ಲ. ಶ್ವಾಸಕೋಶದ ಅಪಧಮನಿಯನ್ನೂ ಮಹಾಪಧಮನಿಯನ್ನೂ ಒಂದು ಅಡ್ಡನಾಳ ಕೂಡಿಸಿರುವುದರಿಂದ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಒತ್ತಡ, ಗೋಡೆಗಳೂ ಹೆಚ್ಚುಕಡಿಮೆ ಒಂದೇ ದಪ್ಪ. ಹುಟ್ಟಿದ ಮೇಲೆ ಆ ಅಡ್ಡನಾಳ ಮುಚ್ಚಿಕೊಳ್ಳುತ್ತದೆ, ಶ್ವಾಸಕೋಶದ ಕಡೆಯ ಒತ್ತಡ ಇಳಿಯುತ್ತದೆ, ಕ್ರಮೇಣ ಆ ಕಡೆಯ ಗೋಡೆ ತೆಳುವಾಗುತ್ತದೆ. ಅದರಲ್ಲಿ ಮೊದಲೂ ಆಮೇಲೂ ಹರಿದದ್ದು ಆಕ್ಸಿಜನ್ ಕಡಿಮೆಯಿರುವ ರಕ್ತವೇ. ದೊಡ್ಡವರಲ್ಲಿ ಯಾವುದೋ ಕಾಯಿಲೆಯಿಂದ ಶ್ವಾಸಕೋಶದ ನಾಳಗಳ ಒತ್ತಡ ಏರಿ ಹಾಗೇ ಉಳಿದರೆ ಆ ಅಪಧಮನಿಗಳ ಗೋಡೆ ಮತ್ತೆ ದಪ್ಪವಾಗುತ್ತದೆ.

ಆದ್ದರಿಂದ ಉತ್ತರ ಎರಡನೇ ಆಯ್ಕೆ. ಕಾರಣದ ಸಾಲಿನಲ್ಲಿ ‘ಹೃದಯದಿಂದ ಹೊರಡುವ ರಕ್ತ ಹೆಚ್ಚಿನ ಒತ್ತಡದಲ್ಲಿರುತ್ತದೆ’ ಎಂದಿದ್ದರೆ ಮೊದಲನೆಯದು.

ಈ ಪರೀಕ್ಷೆಗೂ ಮಿತಿಯಿದೆ. ಸೋಡಿಯಂ ಪ್ರಶ್ನೆಯಲ್ಲೇ ಕಾರಣವನ್ನು ‘ಸೋಡಿಯಂನ ಹೊರಕವಚದಲ್ಲಿ ಒಂದೇ ಇಲೆಕ್ಟ್ರಾನ್ ಇದೆ’ ಎಂದು ಬದಲಿಸಿ. ಆ ಒಂದು ಇಲೆಕ್ಟ್ರಾನನ್ನು ಸುಲಭವಾಗಿ ಬಿಟ್ಟುಕೊಡುವುದರಿಂದ ಸೋಡಿಯಂ ಗಾಳಿ ಮತ್ತು ನೀರಿನೊಂದಿಗೆ ಜೋರಾಗಿ ವರ್ತಿಸುತ್ತದೆ. ಹಾಗೆ ವರ್ತಿಸುವುದರಿಂದಲೇ ಸೀಮೆಎಣ್ಣೆ. ಅಂದರೆ ನಂಟು ಇದೆ, ಆದರೆ ನಡುವಿನ ಕೊಂಡಿಯನ್ನು ಹೇಳಿಲ್ಲ. ಒಂದೇ ಇಲೆಕ್ಟ್ರಾನಿನ ಹೈಡ್ರೋಜನ್‌ಗೆ ಸೀಮೆಎಣ್ಣೆ ಬೇಡ ಎಂದು ಒಬ್ಬರು ವಾದಿಸಬಹುದು, ಮೂಲಕಾರಣ ಅದೇ ತಾನೇ ಎಂದು ಇನ್ನೊಬ್ಬರು. ನನ್ನ ಮಟ್ಟಿಗೆ ಇದು ವಿದ್ಯಾರ್ಥಿಯ ಜ್ಞಾನವನ್ನಲ್ಲ, ಪತ್ರಿಕೆ ತೆಗೆದವರ ಮನಸ್ಸಿನಲ್ಲಿದ್ದದ್ದನ್ನು ಊಹಿಸುವ ಶಕ್ತಿಯನ್ನು ಅಳೆಯುವ ಪ್ರಶ್ನೆ. ಕೀ ಉತ್ತರ ಬಂದ ಮೇಲೆ ಶಿಕ್ಷಕರು ಆಕ್ಷೇಪ ಎತ್ತಬೇಕಾದದ್ದು ಇಂಥವುಗಳ ಮೇಲೆ.