ನಡುವೆಯೇ ಬಿದ್ದ ಪೂರ್ಣವಿರಾಮ

ಸಾರ್ಡಿನಿಯಾ ದ್ವೀಪದಲ್ಲಿ ಬೀಟಾ ಥಲಸ್ಸೀಮಿಯಾ ಎಂಬ ರಕ್ತಹೀನತೆಗೆ ಮುಖ್ಯ ಕಾರಣ ಒಂದೇ ಒಂದು ಅಕ್ಷರದ ತಪ್ಪು. ಬೀಟಾ ಗ್ಲೋಬಿನ್ ಎಂಆರ್‌ಎನ್‌ಎಯ 39ನೇ ಕೋಡಾನ್ ಸಿಎಜಿ ಇರಬೇಕಿತ್ತು, ಯುಎಜಿ ಆಗಿದೆ. ಅಂದರೆ ‘ನಿಲ್ಲಿಸು’. 146 ಅಮೈನೋ ಆಮ್ಲಗಳ ಸರಪಳಿ 38ಕ್ಕೇ ತುಂಡು.

ಸರಿ, ಪ್ರತಿ ಎಂಆರ್‌ಎನ್‌ಎಯಲ್ಲೂ ಒಂದು ಸ್ಟಾಪ್ ಕೋಡಾನ್ ಇದ್ದೇ ಇರುತ್ತದಲ್ಲ? ಇದು ಬೇಗ ಬಂತು ಅಂತ ಕೋಶಕ್ಕೆ ಹೇಗೆ ಗೊತ್ತಾಗಬೇಕು?

ಸುಳಿವು ಇರುವುದು ಎಕ್ಸಾನ್‌ಗಳ ಬೆಸುಗೆಯಲ್ಲಿ. ದರ್ಜಿ ಹೊಲಿಗೆಯ ಬಳಿ ಗುಂಡುಸೂಜಿ ಚುಚ್ಚಿಟ್ಟ ಹಾಗೆ, ಎರಡು ಎಕ್ಸಾನ್ ಸೇರುವ ಜಾಗಕ್ಕಿಂತ 20-24 ಅಕ್ಷರ ಮುಂಚೆ ಒಂದು ಪ್ರೋಟೀನ್ ಗುಂಪು ಕೂತಿರುತ್ತದೆ. ಎಂಆರ್‌ಎನ್‌ಎಯನ್ನು ಓದುತ್ತಾ ಬರುವ ಮೊದಲ ರೈಬೋಸೋಮ್ ಇವನ್ನೆಲ್ಲ ಕೆಡವುತ್ತಾ ಹೋಗುತ್ತದೆ. ನಿಜವಾದ ಸ್ಟಾಪ್ ಸಾಮಾನ್ಯವಾಗಿ ಕೊನೆಯ ಎಕ್ಸಾನ್‌ನಲ್ಲಿರುವುದರಿಂದ ಅಷ್ಟೊತ್ತಿಗೆ ಯಾವುದೂ ಉಳಿದಿರುವುದಿಲ್ಲ.

39ರಲ್ಲೇ ನಿಂತರೆ? ಕೊನೆಯ ಬೆಸುಗೆ ಇರುವುದು 104ನೇ ಕೋಡಾನ್‌ನ ಹತ್ತಿರ. ಅಲ್ಲಿನ ಗುಂಪು ಕದಲಿಲ್ಲ. ನಿಂತ ರೈಬೋಸೋಮ್ ಬಳಿ ಇರುವ ಯುಪಿಎಫ್1 ಪ್ರೋಟೀನ್, ಯುಪಿಎಫ್2 ಮತ್ತು ಯುಪಿಎಫ್3 ಮೂಲಕ ಅದರೊಂದಿಗೆ ಕೈಜೋಡಿಸುತ್ತದೆ. ಆಗ ಎಸ್‌ಎಂಜಿ1 ಕಿಣ್ವ ಯುಪಿಎಫ್1ಕ್ಕೆ ಫಾಸ್ಫೇಟ್ ಅಂಟಿಸುತ್ತದೆ, ಎಸ್‌ಎಂಜಿ6 ಬಂದು ಎಂಆರ್‌ಎನ್‌ಎಯನ್ನು ಕತ್ತರಿಸುತ್ತದೆ.

ತಪ್ಪು ಸ್ಟಾಪ್ ಕೊನೆಯ ಬೆಸುಗೆಗಿಂತ ಸುಮಾರು 50-55 ಅಕ್ಷರವಾದರೂ ಹಿಂದಿದ್ದರೆ ಮಾತ್ರ ಈ ಲೆಕ್ಕ ನಡೆಯುತ್ತದೆ. 121ನೇ ಕೋಡಾನ್ ಕೊನೆಯ ಎಕ್ಸಾನ್‌ನಲ್ಲಿದೆ. ಅಲ್ಲಿ ತಪ್ಪಾದರೆ ಕಾವಲು ಎಚ್ಚರಗೊಳ್ಳುವುದಿಲ್ಲ. ಮೊಟಕು ಪ್ರೋಟೀನು ತಯಾರಾಗಿ ರಕ್ತಕಣ ಹುಟ್ಟುವ ಜೀವಕೋಶಗಳಲ್ಲೇ ಗಡ್ಡೆ ಕಟ್ಟುತ್ತದೆ. 39ರ ದೋಷ ಒಂದೇ ಪ್ರತಿಯಲ್ಲಿದ್ದವರು ಸಾಮಾನ್ಯವಾಗಿ ಆರಾಮಾಗಿರುತ್ತಾರೆ. 121ರ ದೋಷ ಒಂದು ಪ್ರತಿಯಲ್ಲಿದ್ದರೂ ಕಾಯಿಲೆ ಬರುತ್ತದೆ.