ಸತ್ಯ ಕಂತಿನಲ್ಲಿ ಬಂದರೆ

ಮದುವೆಯಾಗಿ ಹನ್ನೊಂದು ವರ್ಷವಾದ ಒಂದು ಜೋಡಿಯನ್ನು ಊಹಿಸಿಕೊಳ್ಳಿ. ಚಾರ್ಜಿಗೆ ಹಾಕಿದ್ದ ಗಂಡನ ಫೋನಿಗೆ ರಾತ್ರಿ ಬಂದ ಒಂದು ಮೆಸೇಜ್ ಹೆಂಡತಿಯ ಕಣ್ಣಿಗೆ ಬೀಳುತ್ತದೆ. ಕೇಳಿದರೆ, 'ಆಫೀಸಿನ ಸ್ನೇಹಿತೆ, ಅಷ್ಟೇ' ಎನ್ನುತ್ತಾನೆ. ವಾರ ಕಳೆದ ಮೇಲೆ, 'ಎರಡು ಸಲ ಊಟಕ್ಕೆ ಹೋಗಿದ್ದೆವು' ಎಂದು ಒಪ್ಪಿಕೊಳ್ಳುತ್ತಾನೆ. ತಿಂಗಳಾಗುವಷ್ಟರಲ್ಲಿ ಲಾಡ್ಜಿನ ಬಿಲ್ಲು ಸಿಗುತ್ತದೆ. ಆಗ ಅಳುತ್ತ ಉಳಿದದ್ದನ್ನೂ ಹೇಳುತ್ತಾನೆ. ಅವನ ಲೆಕ್ಕದಲ್ಲಿ ತಪ್ಪು ಒಂದೇ. ಅವಳ ಪಾಲಿಗೆ ಮೂರು ಸಲ ಮನೆ ಮುರಿದಿದೆ. ತಪ್ಪಿದ್ದು ಹೆಂಡತಿಯಾಗಿದ್ದರೂ ಕಥೆ ಹೀಗೇ ನಡೆಯುತ್ತದೆ.

ನೋವು ಕಡಿಮೆಯಾಗಲಿ ಎಂದೋ, ತಪ್ಪಿಸಿಕೊಳ್ಳಲೆಂದೋ ಸತ್ಯವನ್ನು ಕಂತುಗಳಲ್ಲಿ ಹೇಳುವವರೇ ಹೆಚ್ಚು. ಆದರೆ ಪ್ರತಿ ಹೊಸ ಕಂತು ಹಿಂದೆ ಹೇಳಿದ್ದನ್ನೆಲ್ಲ ಸುಳ್ಳು ಮಾಡುತ್ತದೆ. ಕೊನೆಗೆ ನಿಜವನ್ನೇ ಹೇಳಿದರೂ 'ಇನ್ನೂ ಏನೋ ಉಳಿದಿದೆ' ಎಂಬ ಅನುಮಾನ ಹೋಗುವುದಿಲ್ಲ. ಆದ್ದರಿಂದ ಎಲ್ಲವನ್ನೂ ಒಂದೇ ಸಲ ಹೇಳಿ ಮುಗಿಸುವುದು ಮೊದಲ ಕೆಲಸ; ಆಪ್ತಸಲಹೆಗಾರರ ಎದುರಿಗಾದರೆ ಒಳ್ಳೆಯದು. ಯಾವಾಗ ಶುರುವಾಯಿತು, ಈಗ ನಿಂತಿದೆಯೇ, ಯಾರಿಗೆಲ್ಲ ಗೊತ್ತು, ಮನೆಯ ದುಡ್ಡು ಎಷ್ಟು ಹೋಯಿತು, ಆರೋಗ್ಯಕ್ಕೆ ಅಪಾಯವಿದೆಯೇ ಎಂಬಷ್ಟಕ್ಕೆ ಉತ್ತರ ಬೇಕೇ ಬೇಕು. ದೈಹಿಕ ಸಂಬಂಧವಿದ್ದರೆ ಇಬ್ಬರೂ ಲೈಂಗಿಕ ರೋಗಗಳ ಪರೀಕ್ಷೆ ಮಾಡಿಸಿಕೊಳ್ಳಬೇಕು. ಎಚ್‌ಐವಿ ಸೋಂಕು ತಕ್ಷಣ ಪತ್ತೆಯಾಗದೇ ಇರಬಹುದಾದ್ದರಿಂದ ಮೂರು ತಿಂಗಳ ಮೇಲೆ ಮತ್ತೊಮ್ಮೆ ಮಾಡಿಸುವುದು ಕ್ಷೇಮ. ಹಾಸಿಗೆಯ ವಿವರಗಳನ್ನು ಮಾತ್ರ ಕೆದಕದಿರುವುದೇ ಲೇಸು. ಅವು ತೀರ್ಮಾನಕ್ಕೆ ನೆರವಾಗುವುದಿಲ್ಲ, ಕಣ್ಣಿಗೆ ಕಟ್ಟಿ ಕೂರುತ್ತವೆ.

ಅಮೆರಿಕದ ಮನಃಶಾಸ್ತ್ರಜ್ಞೆ ಶರ್ಲಿ ಗ್ಲಾಸ್ ಇದನ್ನು ಕಿಟಕಿ ಮತ್ತು ಗೋಡೆಯ ಹೋಲಿಕೆಯಿಂದ ವಿವರಿಸಿದ್ದರು. ಗಂಡ ಹೆಂಡಿರ ನಡುವೆ ಕಿಟಕಿ ಇರಬೇಕು, ಹೊರಗಿನವರಿಗೆ ಗೋಡೆ. ಗುಟ್ಟಿನ ಸಂಬಂಧದಲ್ಲಿ ಇದು ತಿರುಗುಮುರುಗಾಗುತ್ತದೆ: ಮನೆಯ ಸಂಗತಿ ಅಲ್ಲಿಗೆ ಹೋಗುತ್ತದೆ, ಅಲ್ಲಿಯದು ಮನೆಗೆ ಬರುವುದಿಲ್ಲ. ನಂಬಿಕೆ ಮರಳಬೇಕಾದರೆ ಇವೆರಡೂ ಮತ್ತೆ ತಮ್ಮ ಜಾಗಕ್ಕೆ ಬರಬೇಕು.

ನಮ್ಮ ಜೋಡಿಯಲ್ಲಿ ಆಕೆ ಅದೇ ಆಫೀಸಿನವಳು. ದಿನವೂ ಮುಖ ಕಾಣುವುದು ತಪ್ಪುವುದಿಲ್ಲ. ಹಾಗಿದ್ದಾಗ ಗಂಡ, 'ಇವತ್ತು ಮೀಟಿಂಗಿನಲ್ಲಿ ಅವಳಿದ್ದಳು, ಕೆಲಸದ ಮಾತು ಬಿಟ್ಟು ಬೇರೇನೂ ಆಡಲಿಲ್ಲ' ಎಂದು ಹೆಂಡತಿ ಕೇಳುವ ಮೊದಲೇ ಹೇಳಬೇಕು. ಫೋನಿನ ಪಾಸ್‌ವರ್ಡ್ ಕೊಡುವುದು ಮೊದಲ ತಿಂಗಳುಗಳಿಗೆ ಊರುಗೋಲು. ಆದರೆ ಬದುಕಿಡೀ ಕಾವಲು ಕಾಯುವುದು ನಂಬಿಕೆಯಲ್ಲ. ಕೇಳದೆ ಹೇಳುವ ಮಾತುಗಳು ಹೆಚ್ಚುತ್ತ, ಫೋನು ನೋಡಬೇಕೆಂಬ ತವಕ ತಾನಾಗಿ ತಗ್ಗಿದರೆ ಗಾಯ ಮಾಯುತ್ತಿದೆ ಎಂದರ್ಥ. ಅವಳು ಅದೇ ಪ್ರಶ್ನೆಯನ್ನು ಇಪ್ಪತ್ತನೆಯ ಸಲ ಕೇಳಬಹುದು. ಆಗ 'ಎಷ್ಟು ದಿನ ಇದನ್ನೇ ಎಳೀತೀಯ?' ಎಂದರೆ ಕಟ್ಟಿದ್ದು ಕುಸಿಯುತ್ತದೆ.

ಇರಬೇಕೋ ಬಿಡಬೇಕೋ ಎಂಬುದನ್ನು ಮೊದಲ ವಾರಗಳ ಸಿಟ್ಟಿನಲ್ಲಿ ನಿರ್ಧರಿಸುವ ಅಗತ್ಯವಿಲ್ಲ. 'ಹೊಂದಿಕೊಂಡು ಹೋಗಮ್ಮ' ಎನ್ನುವವರು ಒಂದು ಕಡೆ, 'ಇವತ್ತೇ ಬಿಟ್ಟು ಬಾ' ಎನ್ನುವವರು ಇನ್ನೊಂದು ಕಡೆ ನಿಲ್ಲುತ್ತಾರೆ. ಬಂಧುಬಳಗಕ್ಕೆಲ್ಲ ಹೇಳದೆ ನಂಬಿಕಸ್ಥರಾದ ಒಬ್ಬಿಬ್ಬರಿಗೆ ಹೇಳಿ. ಮೂರೋ ಆರೋ ತಿಂಗಳ ಗಡುವು ಇಟ್ಟುಕೊಂಡು, ಮಾತಿಗಿಂತ ನಡವಳಿಕೆಯನ್ನು ಗಮನಿಸಿ. ಸಂಪರ್ಕ ಗುಟ್ಟಾಗಿ ಮುಂದುವರಿದಿದ್ದರೆ, 'ನೀನು ಹೀಗಿದ್ದದ್ದಕ್ಕೇ ನಾನು ಹಾಗೆ ಮಾಡಿದೆ' ಎಂದು ತಪ್ಪನ್ನು ನಿಮ್ಮ ತಲೆಗೇ ಕಟ್ಟಿದರೆ, ಉಳಿಯುವುದರಲ್ಲಿ ಅರ್ಥವಿಲ್ಲ. ಹೊಡೆತ, ಬೆದರಿಕೆ ಇದ್ದಲ್ಲಿ ಗಡುವೂ ಬೇಡ, ಜೊತೆಗೆ ಕೂತು ಸಲಹೆ ಪಡೆಯುವುದೂ ಬೇಡ. ಮೊದಲು ಸುರಕ್ಷಿತ ಜಾಗಕ್ಕೆ ಹೋಗಬೇಕು.

ಕಾನೂನನ್ನೂ ತಿಳಿದಿರಬೇಕು. 2018ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟ್ ಐಪಿಸಿಯ 497ನೇ ಕಲಮನ್ನು ರದ್ದು ಮಾಡಿದ ಮೇಲೆ ವ್ಯಭಿಚಾರ ಅಪರಾಧವಾಗಿ ಉಳಿದಿಲ್ಲ. ಆದರೆ ಹಿಂದೂ ವಿವಾಹ ಕಾಯ್ದೆಯ 13ನೇ ಕಲಮಿನಲ್ಲಿ ಅದು ಈಗಲೂ ವಿಚ್ಛೇದನಕ್ಕೆ ಕಾರಣ. ಅದೇ ಕಾಯ್ದೆಯ 23ನೇ ಕಲಮು ಇನ್ನೊಂದು ಮಾತು ಹೇಳುತ್ತದೆ: ಆ ತಪ್ಪನ್ನು ಕ್ಷಮಿಸಿ ಸಂಸಾರ ಮುಂದುವರಿಸಿದ್ದರೆ, ಅದೇ ಕಾರಣಕ್ಕೆ ವಿಚ್ಛೇದನ ಸಿಗದೇ ಹೋಗಬಹುದು. ಮತ್ತೆ ಒಂದಾಗುವ ಮುನ್ನ ವಕೀಲರನ್ನು ಒಮ್ಮೆ ಕೇಳುವುದು ಅದಕ್ಕೇ. ಹಾಗೆಂದು ಈ ಕ್ಷಮೆಗೂ ಷರತ್ತುಗಳಿವೆ. ನಡೆದದ್ದನ್ನು ತಿಳಿದು ಕ್ಷಮಿಸಿರಬೇಕು. ತಪ್ಪು ಮರುಕಳಿಸಿದರೆ ಹಳೆಯದಕ್ಕೂ ಜೀವ ಬರುತ್ತದೆ. ಏನನ್ನು ಕ್ಷಮಿಸುತ್ತಿದ್ದೇವೆಂದು ಗೊತ್ತಿಲ್ಲದೆ ಕೊಟ್ಟ ಕ್ಷಮೆಯನ್ನು ನ್ಯಾಯಾಲಯವೂ ಕ್ಷಮೆ ಎಂದು ಎಣಿಸುವುದಿಲ್ಲ.